ಮೊಹರಿದ್ದ ವಜಾ ಚೀಟಿ

ರಾಯಚೂರಿನ ವಕೀಲರೊಬ್ಬರ ಬಳಿ ನಾನು ಕಾಗದ ಓದುವ ಕೆಲಸಕ್ಕೆ ಸೇರಿದ ಮೊದಲ ವರ್ಷವದು. ಕಾಲೇಜಿನಲ್ಲಿ ಉರ್ದು ಓದಿದ್ದೇ ನನ್ನ ಯೋಗ್ಯತೆ. ಒಂದು ದಿನ ಮಾನ್ವಿ ಕಡೆಯ ಫಿಟ್ಟರ್ ಒಬ್ಬ ಎರಡು ಉರ್ದು ಕಾಗದ ತಂದ. ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಹನ್ನೊಂದು ವರ್ಷ ಯಂತ್ರ ರಿಪೇರಿ ಮಾಡಿದವನು. ಒಂದು ಅವನ ಕರಾರುನಾಮೆ, ಇನ್ನೊಂದು ವಜಾ ಚೀಟಿ.

"ದೇವದುರ್ಗದ ಗಿರಣಿಯವ್ರು ಕರಿಯಾಕತ್ತಾರ್ರೀ. ಕರಾರು ಮುರಿದಂಗ ಆಗ್ತದೇನು, ನೋಡಿ ಹೇಳ್ರಿ."

ಓದುತ್ತ ಗುರುತು ಹಾಕಿಕೊಂಡೆ. ಯಾರೇ ಕೆಲಸ ಮುರಿದರೂ ಮೂರು ತಿಂಗಳ ಮುಂಚೆ ತಿಳಿಸಬೇಕು. ತಾನಾಗಿ ಬಿಟ್ಟವನು ಎರಡು ವರ್ಷ ರಾಯಚೂರು, ಮಾನ್ವಿ, ದೇವದುರ್ಗದ ಬೇರೆ ಯಾವ ಗಿರಣಿಯಲ್ಲೂ ದುಡಿಯಕೂಡದು. ಮಾಲೀಕರೇ ತೆಗೆದರೆ ಆ ತಡೆ ಇಲ್ಲ. ದುಡಿದ ಒಂದೊಂದು ವರ್ಷಕ್ಕೂ ಅರ್ಧ ತಿಂಗಳ ಪಗಾರ ಪರಿಹಾರ. ವಜಾ ಚೀಟಿಯಲ್ಲಿ ಎರಡೇ ಸಾಲು: ನಿನ್ನನ್ನು ತೆಗೆದಿದೆ, ನಾಳೆಯಿಂದ ಬರಬೇಡ. ತಪ್ಪೇನೆಂದು ಇಲ್ಲ, ನೋಟೀಸಿನ ಮಾತಿಲ್ಲ, ಪರಿಹಾರದ ಮಾತಿಲ್ಲ. ಕೆಳಗೆ ಗಿರಣಿಯ ಮೊಹರು.

"ಅವ್ರೇ ತೆಗ್ದಾರ. ನೀವು ಹೋಗಬಹುದು. ಈ ಚೀಟಿನೇ ಅದಕ್ಕ ಪುರಾವೆ," ಎಂದೆ.

ಪರಿಹಾರದ ಬಗ್ಗೆ ಮಾಲೀಕರನ್ನು ಮಾತಾಡಿಸಲು ವಕೀಲರು ಫಿಟ್ಟರನ ಜೊತೆ ನನ್ನನ್ನೇ ಕಳಿಸಿದರು. "ನಕಲು ಒಯ್ಯಿ. ಅಸಲು ಕಪಾಟಿನ್ಯಾಗ ಇರ್ಲಿ." ಮೊಹರು ಕಾಣದ ಕಾಗದಕ್ಕೆ ನಮ್ಮಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ನಾನು ಅಸಲನ್ನೇ ಜೇಬಿಗೆ ಹಾಕಿಕೊಂಡೆ.

ಮಾಲೀಕರು ಊರಲ್ಲಿರಲಿಲ್ಲ. ಗಿರಣಿಯ ಮ್ಯಾನೇಜರು ಯಂತ್ರಗಳ ಸದ್ದಿನ ನಡುವೆ ನಿಂತಿದ್ದ. "ಅಂವಾ ತಾನ ಬಿಟ್ಟು ಹೋಗ್ಯಾನ," ಎಂದ. ನಾನು ಚೀಟಿ ತೆಗೆದು ಮೊಹರು ತೋರಿಸಿ ಗಟ್ಟಿಯಾಗಿ ಓದಿದೆ. ಹೆಮ್ಮೆಯಿಂದಲೇ ಓದಿದೆ.

ಅವನು ಇಬ್ಬರು ಆಳುಗಳಿಗೆ ಕಣ್ಸನ್ನೆ ಮಾಡಿದ. ಅವರು ಫಿಟ್ಟರನ ಬಲಗೈ ಹಿಡಿದು ತಿರುಗುವ ಉರುಳೆಯ ಹತ್ತಿರ ತಂದರು. ಆ ಉರುಳೆಗೆ ಚರ್ಮ ಹೊದಿಸಿದವನು ಫಿಟ್ಟರನೇ.

"ಕಾಲೇಜ್ ಸಾಹೇಬ್ರ, ಚೀಟಿ ಇಲ್ಲಿ ಕೊಡ್ರಿ. ಇಲ್ಲಾಂದ್ರ ಇಂವಾ ದೇವದುರ್ಗದಾಗ ಎಡಗೈಲೆ ನಟ್ಟು ತಿರುವಬೇಕಾಗ್ತದ."

ಹತ್ತಿ ತಳ್ಳುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಫಿಟ್ಟರನ ಬೆರಳುಗಳು ಉರುಳೆಯಿಂದ ಒಂದು ಗೇಣಿನಷ್ಟು ದೂರದಲ್ಲಿದ್ದವು.

"ಕೊಡಬ್ಯಾಡ್ರಿ ತಮ್ಮಾ," ಎಂದ ಫಿಟ್ಟರ್.

ನಾನು ಕೊಟ್ಟೆ.

ಮ್ಯಾನೇಜರು ಚೀಟಿ ಸುಟ್ಟ. ಗುಮಾಸ್ತನಿಂದ ಬೇರೆ ಕಾಗದ ಬರೆಸಿದ: ನಾನೇ ಕೆಲಸ ಬಿಟ್ಟಿದ್ದೇನೆ, ಬರಬೇಕಾದದ್ದೇನೂ ಇಲ್ಲ. ಫಿಟ್ಟರನ ಅದೇ ಬಲಗೈಯ ಹೆಬ್ಬೆರಳನ್ನು ಮಸಿಗೆ ಅದ್ದಿಸಿ ಒತ್ತಿಸಿದ. "ನೋಡು, ಕೈ ಉಳೀತು. ಉಪಕಾರ ನೆನಿಸ್ಕೊ," ಎಂದು ನಕ್ಕ.

ಆ ಕಾಗದದ ನಕಲು ಫಿಟ್ಟರನಿಗಿಂತ ಮೊದಲೇ ದೇವದುರ್ಗದ ಗಿರಣಿ ಮುಟ್ಟಿತ್ತು. ಅಲ್ಲಿ ಅವನನ್ನು ಒಳಗೆ ಬಿಡಲಿಲ್ಲ.

ವಕೀಲರು ನನ್ನನ್ನು ಬೈಯಲಿಲ್ಲ. "ಜುಲುಮಿಯಿಂದ ಒತ್ತಿಸಿದ ಹೆಬ್ಬೆಟ್ಟು ಕೋರ್ಟಿನ್ಯಾಗ ನಿಲ್ಲಂಗಿಲ್ಲ. ಆದ್ರ ಕಂಡವ್ರು ಹೇಳಬೇಕು. ನೀ ಸಾಕ್ಷಿ ಹೇಳ್ತೀಯೇನು?" ಎಂದು ಕೇಳಿದರು. ಫಿಟ್ಟರ್ ನನ್ನ ಮುಖ ನೋಡುತ್ತ ನಿಂತಿದ್ದ. ನನ್ನ ಕಿವಿಯಲ್ಲಿ ಇನ್ನೂ ಆ ಉರುಳೆ ತಿರುಗುತ್ತಿತ್ತು. ಈಗಲೂ ತಿರುಗುತ್ತದೆ. ನಾನು ನನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು, "ನನ್ನ ಕೈಲೆ ಆಗಂಗಿಲ್ರಿ," ಎಂದೆ.

ಫಿಟ್ಟರ್ ಕರಾರುನಾಮೆಯನ್ನು ಮಡಚಿಕೊಂಡು, "ಹೋಗಿ ಬರ್ತೀನ್ರೀ," ಎಂದು ಎದ್ದುಹೋದ.