ತೋರಿಸಲಾಗದ ಕೆಲಸ

ಮಣಿಪಾಲದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ಡಿಸೈನರ್ ಆಗಿದ್ದೆ. ಒಂದು ದೊಡ್ಡ ಆಸ್ಪತ್ರೆಯ ನರ್ಸ್‌ಗಳಿಗಾಗಿ ಆ್ಯಪ್ ರೂಪಿಸುವ ಕೆಲಸ ನನ್ನದು. ಪಾಳಿ ಮುಗಿಸಿ ಹೋಗುವವರು ರೋಗಿಗಳ ಸ್ಥಿತಿಯನ್ನು ಮುಂದಿನವರಿಗೆ ಒಪ್ಪಿಸುವುದು ಅದರಲ್ಲೇ. ವರ್ಷಗಟ್ಟಲೆ ವಾರ್ಡುಗಳಲ್ಲಿ ನಿಂತು, ನೋಡಿ, ಬರೆದು, ಅಳಿಸಿ ಮಾಡಿದ್ದು. ಯೋಜನೆ ಮುಗಿಯಿತು, ನಮ್ಮ ತಂಡವನ್ನೂ ಮುಚ್ಚಿದರು. ಲ್ಯಾಪ್‌ಟಾಪ್ ಒಪ್ಪಿಸಿ ಬರುವಾಗ ನನ್ನ ಕೈಯಲ್ಲಿ ಆ ಕೆಲಸದ ಒಂದು ಚಿತ್ರವೂ ಇರಲಿಲ್ಲ.

ಯಾರೂ ಇಲ್ಲದ ಕಾಪುವಿನ ಮನೆಗೆ ಮರಳಿದೆ. ಕೆಲಸ ಹುಡುಕಬೇಕಾದರೆ ಪೋರ್ಟ್‌ಫೋಲಿಯೋ ಬೇಕು, ಅಂದರೆ ಮಾಡಿದ್ದನ್ನು ತೋರಿಸುವ ವೆಬ್‌ಸೈಟು. ತಂಡದಲ್ಲಿ ಜತೆಗಿದ್ದವರೆಲ್ಲ ಬೇರೆ ಊರು ಸೇರಿದ್ದರು. ಆಸ್ಪತ್ರೆಯ ಹೆಸರು, ಲೋಗೋ ಮರೆಮಾಡಿ ನೆನಪಿನಿಂದಲೇ ಆ್ಯಪ್‌ನ ಪರದೆಗಳನ್ನು ಬಿಡಿಸಿ, ಪಾಸ್‌ವರ್ಡ್ ಹಾಕಿಟ್ಟರೆ ಸಾಕೆಂದು ಯೋಚಿಸಿದೆ. ಆದರೂ ಮನಸ್ಸು ಒಪ್ಪಲಿಲ್ಲ. ಸಹಿ ಹಾಕಿದ್ದ ಗೋಪ್ಯತಾ ಒಪ್ಪಂದದ ಪ್ರತಿ ಹಿಡಿದು ಉಡುಪಿಯಲ್ಲಿ ವಕೀಲೆಯಾಗಿರುವ ದೂರದ ಸಂಬಂಧದ ಅಕ್ಕನ ಬಳಿಗೆ ಹೋದೆ.

ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಸಹಿ ಹಾಕುವಾಗ ಓದಿದ್ದೆಯಾ?"

"ಓದಿದ್ದೆ ಅಕ್ಕ. ಅರ್ಥ ಆಗಿರಲಿಲ್ಲ."

"ಇಲ್ಲಿ ನೋಡು. ಗೋಪ್ಯ ಅಂದರೆ ಎಂತ ಅಂತ ಬರೆದುಂಟು. ಗಿರಾಕಿಯ ಹೆಸರು, ವಿನ್ಯಾಸ, ಅವರು ಕೆಲಸ ಮಾಡುವ ಕ್ರಮ, ಅಂಕಿಅಂಶ. ಕೆಲಸ ಬಿಟ್ಟ ಮೇಲೂ ಇದು ನಡೆಯುತ್ತದೆ. ಅದು ಬೇರೆ, ಕಂಪನಿಯ ನೌಕರಳಾಗಿ ನೀನು ಬಿಡಿಸಿದ ಚಿತ್ರದ ಹಕ್ಕೂ ಕಂಪನಿಯದ್ದೇ."

"ಪಾಸ್‌ವರ್ಡ್ ಹಾಕಿದರೆ?"

"ಒಬ್ಬರಿಗೆ ತೋರಿಸಿದರೂ ತೋರಿಸಿದ ಹಾಗೆಯೇ ಅಲ್ವಾ? ಲೋಗೋ ತೆಗೆದರೂ ಒಳಗಿನ ವಿಷಯ ಅದೇ." ನನ್ನ ಮುಖ ನೋಡಿ ದನಿ ಇಳಿಸಿದರು. "ನೀನು ಕಲಿತ ವಿದ್ಯೆ ನಿನ್ನದೇ. ಅದಕ್ಕೆ ಬೀಗ ಇಲ್ಲ. ಎಷ್ಟು ಹೇಳಬಹುದು ಅಂತ ಕಂಪನಿಯನ್ನೇ ಕೇಳು. ಅನುಮತಿ ಬರಹದಲ್ಲೇ ಬರಲಿ."

ಕೇಳಿದೆ. ವೆಬ್‌ಸೈಟಿನ ಪುಟಕ್ಕಾಗಿ ಬರೆದದ್ದನ್ನೂ ಕಳುಹಿಸಿದೆ. ಬಹಳ ದಿನಗಳ ಮೇಲೆ ಉತ್ತರ ಬಂತು. ಆರೋಗ್ಯ ಕ್ಷೇತ್ರದ ಕೆಲಸ ಎನ್ನಬಹುದು, ನನ್ನ ಪಾತ್ರವೇನೆಂದು ಸಾಮಾನ್ಯವಾಗಿ ವಿವರಿಸಬಹುದು. ಹೆಸರು, ಪರದೆ, ಅಂಕಿ ಬೇಡ. ಬರಹದಲ್ಲಿ ಒಂದೇ ಸಾಲನ್ನು ಹೊಡೆದುಹಾಕಿದ್ದರು. ನರ್ಸ್‌ಗಳು ಮರೆಯಬಾರದ್ದನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು ಎಂಬ ಸಾಲು. ಅದನ್ನು ಕಂಡ ಮೇಲೆಯೇ ನನಗೆ ಇಡೀ ವಿನ್ಯಾಸ ಹೊಳೆದದ್ದು. ಆಸ್ಪತ್ರೆಯ ಒಳಗಿನ ರೀತಿ ಅದರಿಂದ ಹೊರಬೀಳುತ್ತದೆಂಬ ಅವರ ಮಾತೂ ಸರಿಯೇ. ಸಾಲನ್ನು ಅಳಿಸಿದೆ. ಉಳಿದದ್ದನ್ನು ಓದಿದರೆ ಯಾರು ಬೇಕಾದರೂ ಬರೆಯಬಹುದಾಗಿದ್ದ ಬರಹದ ಹಾಗಿತ್ತು.

ಆ ದಿನಗಳಲ್ಲೇ ಕಾರ್ಕಳದ ಚಿಕ್ಕಮ್ಮ ಅದೇ ಆಸ್ಪತ್ರೆಗೆ ದಾಖಲಾದರು. ಸಂಜೆ ಪಾಳಿ ಬದಲಾಗುವಾಗ ನರ್ಸ್ ಒಬ್ಬಳು ಮಂಚದ ಪಕ್ಕ ಟ್ಯಾಬ್ ಹಿಡಿದು ನಿಂತಳು. ಪರದೆಯ ಮೇಲಿನ ಹಳದಿ ಪಟ್ಟಿ ನನ್ನದು, ಅವಳ ಹೆಬ್ಬೆರಳು ಒತ್ತಿದ ಗುಂಡಿಯ ಜಾಗ ನನ್ನದು. ಅದು ಹೆಬ್ಬೆರಳಿಗೆ ಎಟಕುವುದಕ್ಕೆ ಎಷ್ಟು ಸಲ ಸರಿಸಿದ್ದೆನೋ.

"ಅದೆಂತದು, ಮೊಬೈಲಾ?" ಎಂದರು ಚಿಕ್ಕಮ್ಮ.

"ನಿಮ್ಮ ವಿಷಯ ರಾತ್ರಿಯವರಿಗೆ ಹೇಳುವುದು ಅಮ್ಮ. ಇದು ಬಂದ ಮೇಲೆ ಸುಲಭ ಆಯಿತು," ಎಂದಳು ಆಕೆ.

ನಾನು ಕಿಟಕಿಯತ್ತ ತಿರುಗಿ ನಿಂತೆ. ಇದು ನಾನು ಮಾಡಿದ್ದು ಎಂದು ಹೇಳಲು ಪಕ್ಕದಲ್ಲಿ ಜನ ಇದ್ದರು, ಒಪ್ಪಂದದಿಂದಾಗಿ ಹೇಳುವ ಹಾಗಿರಲಿಲ್ಲ. ಅಷ್ಟು ಒಂಟಿತನ ಖಾಲಿ ಮನೆಯಲ್ಲೂ ಅನಿಸಿರಲಿಲ್ಲ.

ಚಿಕ್ಕಮ್ಮ ಗುಣವಾಗಿ ಮನೆಗೆ ಹೋದ ಮೇಲೆ ಹೊಸದೊಂದನ್ನು ಶುರುಮಾಡಿದೆ. ನನ್ನ ಭಾವ ಮೀನುಗಾರಿಕೆ ಬೋಟಿನವರು. ಕಡಲಲ್ಲಿ ಸರದಿಯ ಮೇಲೆ ಚುಕ್ಕಾಣಿ ಹಿಡಿಯುವವರು ಒಬ್ಬರಿಗೊಬ್ಬರು ಏನೇನು ಹೇಳುತ್ತಾರೆಂದು ಅವರನ್ನು ಕೂರಿಸಿ ಕೇಳಿದೆ. ಬಲೆ, ಗಾಳಿ, ಇಂಜಿನು, ಡೀಸೆಲ್. ಅವರ ಒಪ್ಪಿಗೆ ಪಡೆದು ಆ ಕೆಲಸಕ್ಕೆ ಬೇರೆಯೇ ಪರದೆಗಳನ್ನು ಬಿಡಿಸಿದೆ. ಯಾರೂ ಕೊಟ್ಟ ಕೆಲಸವಲ್ಲ, ನಾನೇ ಮಾಡಿಕೊಂಡದ್ದು ಎಂದು ಮೇಲೆಯೇ ಬರೆದೆ.

ಮಣಿಪಾಲದ ಒಂದು ಸಂದರ್ಶನದಲ್ಲಿ ಎದುರಿನವರು ಬೋಟಿನ ಪರದೆಗಳನ್ನು ಬೇಗ ಬೇಗ ದಾಟಿಸಿದರು. "ಆರೋಗ್ಯ ಕ್ಷೇತ್ರದ್ದು ಒಂದಾದರೂ ತೋರಿಸಿ. ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ."

"ಆಗುವುದಿಲ್ಲ ಸರ್. ನಾನು ಯೋಚಿಸಿದ ರೀತಿ ಹೇಳಬಲ್ಲೆ."

ಅವರು ಮತ್ತೆ ಕರೆಯಲಿಲ್ಲ. ಉಡುಪಿಯ ಒಂದು ಸಣ್ಣ ಸಂಸ್ಥೆಯ ಒಡತಿ ಮಾತ್ರ ಬೋಟಿನ ಕೆಲಸವನ್ನು ಪೂರ್ತಿ ನೋಡಿ, ಇಂಜಿನ್ ಗುಂಡಿ ಅಷ್ಟು ದೊಡ್ಡದು ಯಾಕೆಂದು ಕೇಳಿದರು. ಒದ್ದೆ ಕೈ ಎಂದೆ. ಕೆಲಸ ಸಿಕ್ಕಿತು.

ಸೇರುವ ದಿನ ಅಲ್ಲೂ ಗೋಪ್ಯತಾ ಒಪ್ಪಂದ ಮುಂದಿಟ್ಟರು. ಈ ಸಲ ಕೂತು ಓದಿ, ಒಂದು ಸಾಲು ಸೇರಿಸಬಹುದೇ ಎಂದು ಕೇಳಿದೆ. ಕೆಲಸ ಸಾರ್ವಜನಿಕರ ಬಳಕೆಗೆ ಬಂದ ಮೇಲೆ, ಗಿರಾಕಿ ಬರಹದಲ್ಲಿ ಒಪ್ಪಿದರೆ, ಒಪ್ಪಿದಷ್ಟನ್ನು ನನ್ನ ಪೋರ್ಟ್‌ಫೋಲಿಯೋದಲ್ಲಿ ತೋರಿಸಬಹುದು ಎಂದು.

ಒಡತಿ ಒಪ್ಪಂದದ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಗಿರಾಕಿ ಒಪ್ಪದಿದ್ದರೆ?"

"ತೋರಿಸುವುದಿಲ್ಲ."

ಸಾಲು ಸೇರಿತು. ಸಹಿ ಹಾಕಿ ಹೊರಬಂದಾಗ ಯಾರಿಗಾದರೂ ಫೋನ್ ಮಾಡಬೇಕೆನಿಸಿತು. ಯಾರಿಗೆಂದು ಹೊಳೆಯಲಿಲ್ಲ. ಕಾಪುವಿನ ಬಸ್ಸು ದಾರಿಯಲ್ಲಿ ಉದ್ಯಾವರ ದಾಟುವವರೆಗೂ ಫೋನನ್ನು ಕೈಯಲ್ಲೇ ಹಿಡಿದು ಕಿಟಕಿಯ ಪಕ್ಕ ಕೂತಿದ್ದೆ.