ಹಮೀದಕ್ಕನ ಕೈಯಲ್ಲಿದ್ದ ಸ್ವಿಚ್ಚು

ಶಿಡ್ಲಘಟ್ಟದ ಆ ಗಲ್ಲಿಯಲ್ಲಿ ಸಂಜೆಯಾದರೆ ಒಂದು ಕೂಗು ಏಳುತ್ತಿತ್ತು. ಅಡುಗೆಮನೆ ಬಾಗಿಲ ಪಕ್ಕದ ಸ್ವಿಚ್ಚನ್ನು ಹಮೀದಾ ಬೇಗಂ ಟಕ್ ಅಂತ ಆರಿಸಿದ್ದೇ ತಡ, ಏಳೆಂಟು ಮನೆಗಳಿಂದ ಒಟ್ಟಿಗೆ, "ನಾನೀ...!" ಅಂತ, ಅವಳನ್ನು ಅಜ್ಜಿಯೆಂದೇ ಕರೆಯುವ ಮಕ್ಕಳ ಗೋಳು ಕೇಳುತ್ತಿತ್ತು. ದೊಡ್ಡವರೇನು ಕಮ್ಮಿಯೇ? "ಹಮೀದಕ್ಕಾ, ಇನ್ನೈದು ನಿಮಿಷ!" ಅಂತ ಗಂಡಸರ ಗಂಟಲೂ ಸೇರುತ್ತಿತ್ತು. ಹಮೀದಾ ಯಾರ ಮಾತೂ ಕೇಳುವವಳಲ್ಲ. ಸಂಜೆಯ ಮಗ್ರಿಬ್ ನಮಾಜ್ ಮುಗಿಸಿ, ಚಹಾದ ಲೋಟ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂತಳೆಂದರೆ, ಒಂದು ಗಂಟೆ ಗಲ್ಲಿಯಲ್ಲಿ ಯಾರಿಗೂ ಇಂಟರ್‌ನೆಟ್ ಇಲ್ಲ. ಮನೆಯೊಳಗೆ ಮಾಡಲು ಕೆಲಸವಿಲ್ಲದ ಮೇಲೆ ಒಬ್ಬೊಬ್ಬರೇ ಹೊರಗೆ ಬರಲೇಬೇಕು. ಬರುತ್ತಿದ್ದರು, ಬೈಯುತ್ತಿದ್ದರು, ಬೈಯುತ್ತಲೇ ಕೂರುತ್ತಿದ್ದರು.

ಅವಳೇನು ಓದಿದ ಹೆಂಗಸಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ರೇಷ್ಮೆ ಬಿಚ್ಚುವ ಘಟಕದಲ್ಲಿ ಬಿಸಿನೀರಿಗೆ ಕೈಯದ್ದಿ ಬೆರಳುಗಳನ್ನು ಬೆಳ್ಳಗೆ ಮಾಡಿಕೊಂಡವಳು. ಗಂಡ ಖಲೀಮುಲ್ಲಾನೂ ಅಲ್ಲೇ ಕೆಲಸಗಾರ. ಅವನು ಮಾತಾಡುವುದೇ ಅಪರೂಪ, ಆ ಕೊರತೆಯನ್ನು ಹೆಂಡತಿ ಬಡ್ಡಿ ಸಮೇತ ತುಂಬಿಕೊಟ್ಟಿದ್ದಳು. ಕೊರೋನಾ ಕಾಲದಲ್ಲಿ ಮಗಳು ಸಾಬ್ರೀನ್‌ಗೆ ಮನೆಯಲ್ಲೇ ಕ್ಲಾಸು ಅಂದಾಗ, ಡೆಪಾಸಿಟ್ ಕಟ್ಟಿ ತನ್ನದೇ ಹೆಸರಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿದ್ದಳು. ಅದುವರೆಗೆ ಆಕೆಯ ಹೆಸರಲ್ಲಿ ಬಾಡಿಗೆ ಮನೆಯೂ ಇರಲಿಲ್ಲ, ಕರೆಂಟ್ ಬಿಲ್ಲೂ ಇರಲಿಲ್ಲ. ಮೊದಲ ಬಿಲ್ಲಿನ ಮೇಲೆ ತನ್ನ ಹೆಸರು ನೋಡಿ, ಅದನ್ನು ಗಂಡನಿಗೆ ಎರಡು ಸಲ ಓದಿಸಿದ್ದಳು.

ಪಕ್ಕದ ಮನೆ ಅಶ್ವತ್ಥಮ್ಮನ ಮಗನಿಗೂ ಕ್ಲಾಸಿತ್ತು. ಪಾಸ್‌ವರ್ಡ್ ಕೊಟ್ಟಳು. ಎದುರು ಮನೆಯವರು ಕೇಳಿದರು, ಅವರಿಗೂ ಕೊಟ್ಟಳು. ಹೀಗೆ ಹಬ್ಬಿ ಹಬ್ಬಿ ಇಡೀ ಗಲ್ಲಿಗೆ ಅವಳ ಮೋಡೆಮ್ ಡಬ್ಬವೇ ದಿಕ್ಕಾಯಿತು. ದುಡ್ಡು ಯಾರ ಹತ್ತಿರವೂ ಕೇಳಲಿಲ್ಲ. ಒಬ್ಬರ ಮನೆಯಿಂದ ಹಿತ್ತಲ ಸೊಪ್ಪು ಬರೋದು, ಒಬ್ಬರ ಮನೆಯಿಂದ ಅವರೆಕಾಳಿನ ಸಾರು ಬರೋದು. ಮೋಡೆಮ್ಮಿಗೆ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆಯೊಂದನ್ನು ಹೊದಿಸಿ ಅದನ್ನು ಮದುಮಗಳ ಹಾಗೆ ಕಿಟಕಿಯಲ್ಲಿ ಕೂರಿಸಿದ್ದಳು.

ಈಗ ದೇವರು ಕಣ್ಣು ಬಿಟ್ಟಿದ್ದ. ಊರಿನ ಆ ತುದಿಯಲ್ಲಿ ಹೊಸ ಬಡಾವಣೆಯೊಂದಿತ್ತು. ಅಲ್ಲಿ ಸ್ವಂತದ್ದೊಂದು ಪುಟ್ಟ ಮನೆ ಕಟ್ಟಿ ಮುಗಿದಿತ್ತು. ಸಾಬ್ರೀನ್ ಚಿಕ್ಕಬಳ್ಳಾಪುರದಲ್ಲಿ ಮೆಡಿಕಲ್ ಶಾಪಿನ ಕೆಲಸಕ್ಕೆ ಸೇರಿದ್ದಳು. ಬಾಡಿಗೆ ಮನೆ ಬಿಡುವ ದಿನ ಗೊತ್ತಾಯಿತು. ಹಮೀದಾ ಖುಷಿಯಲ್ಲಿ ನೆಲಕ್ಕೆ ಕಾಲೇ ಇಡುತ್ತಿರಲಿಲ್ಲ. ಆದರೆ ಒಂದು ಸಂಜೆ ಸ್ವಿಚ್ಚು ಒತ್ತಿ ಮೆಟ್ಟಿಲ ಮೇಲೆ ಕೂತಾಗ ಎದೆಯೊಳಗೊಂದು ಅನುಮಾನ ಚುಚ್ಚಿತು. ಇವರೆಲ್ಲ ಬರುವುದು ಯಾಕೆ? ನೆಟ್ ಇಲ್ಲ ಅಂತ. ನೆಟ್ ವಾಪಸ್ ಬರಲಿ ಅಂತ ಕಾಯಲಿಕ್ಕೆ. ಆ ಡಬ್ಬ ಇಲ್ಲದಿದ್ದರೆ ತನ್ನನ್ನು ಯಾರು ಕೇಳುತ್ತಾರೆ?

ಕಂಪನಿಯ ಲೈನು ಹೊಸ ಬಡಾವಣೆಗೆ ಹೋಗಿರಲಿಲ್ಲ, ಶಿಫ್ಟ್ ಮಾಡಿಸುವ ಹಾಗಿರಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಹಾಡು ಹಾಕಿ ಕೂರಿಸಿದರು. "ಥೂ, ಇವರ ಹಾಡಿಗೆ ಬೆಂಕಿ ಬೀಳ! ಹಾಡು ಕೇಳಕ್ಕೆ ರೇಡಿಯೋ ಇಲ್ವಾ ನನ್ಹತ್ರ?" ಅಂತ ಹಮೀದಾ ಫೋನು ಕುಕ್ಕಿದಳು. ಅರ್ಜಿ ಟೈಪ್ ಮಾಡಿಕೊಡ್ತೀನಿ ಅಂತ ಸಾಬ್ರೀನ್ ಹೇಳಿದರೂ ಕೇಳಲಿಲ್ಲ. "ನನ್ನ ಹೆಸರಲ್ಲಿ ಬಂದಿದ್ದು, ನನ್ನ ಕೈಬರಹದಲ್ಲೇ ಹೋಗ್ಲಿ ಬಿಡಮ್ಮ." ಮನೆ ಬದಲಾಯಿಸುತ್ತಿರುವ ಕಾರಣ, ಕನೆಕ್ಷನ್ ನಂಬರು, ಯಾವ ತಾರೀಖಿನಿಂದ ನಿಲ್ಲಿಸಬೇಕು, ಡೆಪಾಸಿಟ್ ಯಾವ ಬ್ಯಾಂಕ್ ಖಾತೆಗೆ ಹಾಕಬೇಕು, ಎಲ್ಲ ದುಂಡು ಅಕ್ಷರದಲ್ಲಿ ಎರಡು ಪ್ರತಿ ಬರೆದಳು. ಆಧಾರ್, ಪಾಸ್‌ಬುಕ್ ಜೆರಾಕ್ಸ್ ಜೊತೆಗಿಟ್ಟು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಕಂಪನಿ ಆಫೀಸಿನ ಕೌಂಟರಿನಲ್ಲಿದ್ದ ಹುಡುಗಿ ಭಾನುಪ್ರಿಯಾ ಅರ್ಜಿ ಓದಿ ಮುಖ ಸಪ್ಪೆ ಮಾಡಿದಳು. "ಯಾಕೆ ಆಂಟಿ ಬಿಡ್ತೀರ? ಮೂರು ತಿಂಗಳು ಅರ್ಧ ರೇಟಿಗೆ ಕೊಡ್ತೀವಿ. ಇದ್ದ ಮನೇಲೇ ಓಡ್ಲಿ."

ಹಮೀದಾಳ ಕೈ ಅರ್ಜಿಯ ಮೇಲೆ ನಿಂತಿತು. ಅರ್ಧ ರೇಟು. ಗಲ್ಲಿಯಲ್ಲೇ ಓಡಲಿ. ತನ್ನ ಹೆಸರಲ್ಲೇ. ಆಗ ಗಲ್ಲಿ ತನ್ನನ್ನು ಮರೆಯುವ ಹಾಗಿಲ್ಲವಲ್ಲ! ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟಳು. "ಆ ಮನೇಲಿ ನಾನಿರಲ್ಲಮ್ಮ. ಪಕ್ಕದ ಮನೆಯವರಿಗೆ ಕೊಟ್ಟು ಹೋಗ್ಬಹುದಾ?"

"ಹಂಗೆ ಮಾಡ್ಬೇಡಿ ಆಂಟಿ," ಭಾನುಪ್ರಿಯಾ ದನಿ ತಗ್ಗಿಸಿದಳು. "ಕನೆಕ್ಷನ್ ನಿಮ್ಮ ಹೆಸರಲ್ಲಿರುತ್ತೆ. ನಾಳೆ ಅದರಲ್ಲಿ ಯಾರಾದ್ರೂ ಏನಾದ್ರೂ ಎಡವಟ್ಟು ಮಾಡಿದ್ರೆ ಮೊದಲು ನಿಮ್ಮನ್ನೇ ಕೇಳ್ತಾರೆ. ಬೇಕಾದ್ರೆ ಅವರೇ ಅವರ ಹೆಸರಲ್ಲಿ ಹೊಸದು ತಗೊಳ್ಳಲಿ."

ಅವಳ ಮಾತು ನ್ಯಾಯವಾಗಿತ್ತು. ಹಮೀದಾ ನಿಟ್ಟುಸಿರು ಬಿಟ್ಟು ಅರ್ಜಿ ಮುಂದೆ ತಳ್ಳಿದಳು. ಭಾನುಪ್ರಿಯಾ ಒಂದು ಪ್ರತಿಗೆ ಸೀಲು ಒತ್ತಿ, ಸಹಿ ಹಾಕಿ, ರಿಕ್ವೆಸ್ಟ್ ನಂಬರು ಬರೆದು ವಾಪಸ್ ಕೊಟ್ಟಳು. "ನೀವು ಹೇಳಿದ ತಾರೀಖಿನವರೆಗೆ ಲೆಕ್ಕ ಹಾಕಿ ಕೊನೇ ಬಿಲ್ ಬರುತ್ತೆ. ಅದನ್ನ ಕಟ್ಟಿ, ಮೋಡೆಮ್ಮು, ಅದರ ಅಡಾಪ್ಟರ್ ಎರಡೂ ತಂದುಕೊಡಿ. ಬಾಕಿ ಇಲ್ಲ ಅಂತ ಬರೆದುಕೊಡ್ತೀನಿ. ಡೆಪಾಸಿಟ್ ಒಂದೂವರೆ ತಿಂಗಳೊಳಗೆ ನಿಮ್ಮ ಖಾತೆಗೆ ಬರುತ್ತೆ."

ಸುದ್ದಿ ಗಲ್ಲಿಗೆ ಅವಳಿಗಿಂತ ಮುಂಚೆ ತಲುಪಿತ್ತು. ಅವತ್ತಿನಿಂದ ಉಪಚಾರವೋ ಉಪಚಾರ. ಎರಡು ಮನೆಯಿಂದ ಪಾಯಸ ಬಂತು. ಹಮೀದಾ ಪಾಯಸ ತಿಂದಳು, ಅರ್ಜಿ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೇ ಬಿಲ್ ಬಂತು, ಸಾಬ್ರೀನ್ ಫೋನಿನಲ್ಲೇ ಕಟ್ಟಿ ರಸೀದಿ ತೋರಿಸಿದಳು. ಇನ್ನು ಮೋಡೆಮ್ಮು ಕೊಟ್ಟರೆ ಮುಗಿಯಿತು ಅಂತ ಬೆಳಿಗ್ಗೆ ಕಿಟಕಿ ಹತ್ತಿರ ಹೋದರೆ, ಬಿಳಿ ಬಟ್ಟೆ ನೀಟಾಗಿ ಮಡಚಿಟ್ಟಿದೆ, ಮೋಡೆಮ್ಮೇ ಇಲ್ಲ!

"ಏಜೀ, ಡಬ್ಬ ಎಲ್ಲಿ?"

ಖಲೀಮುಲ್ಲಾ ಛಾವಣಿ ನೋಡಿದ. ಅವನಿಗೆ ಏನೂ ಗೊತ್ತಿಲ್ಲ ಅಂತ ಅರ್ಥ.

ಹಮೀದಾ ಸೆರಗು ಸಿಕ್ಕಿಸಿ ಗಲ್ಲಿಯ ಮಧ್ಯ ನಿಂತಳು. ರೇಷ್ಮೆ ಘಟಕದ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅದು. "ಯಾರ್ರೋ ಅದು ಡಬ್ಬ ಕದ್ದಿರೋರು? ಅದು ಕೊಡ್ದೆ ಇದ್ರೆ ಡೆಪಾಸಿಟ್‌ನಲ್ಲಿ ಹಿಡ್ಕೊಳ್ತಾರೆ. ದುಡ್ಡು ಹಾಳಾಗ್ಲಿ, ಹಾಕಿದ ಅರ್ಜಿ ಅರ್ಧಕ್ಕೆ ನಿಲ್ಲುತ್ತಲ್ರೋ! ಹಮೀದಾ ಬೇಗಂ ಹೆಸರಲ್ಲಿ ಇವತ್ತಿನವರೆಗೆ ಯಾರಿಗೂ ಒಂದು ಬಾಕಿ ಇಲ್ಲ. ಈಗ ಇಡ್ತೀರಾ? ಇಡ್ರಿ!"

ಆಮೇಲೆ ಅಶ್ವತ್ಥಮ್ಮನ ಬಾಗಿಲು ಕಿರ್ ಅಂತು. ಎರಡೂ ಕೈಯಲ್ಲಿ ಮೋಡೆಮ್ಮು ಹಿಡಿದು, ತಲೆ ತಗ್ಗಿಸಿ ಬಂದಳು. "ಅಕ್ಕಿ ಡಬ್ಬದಲ್ಲಿಟ್ಟಿದ್ದೆ ಹಮೀದಕ್ಕ. ದೇವುಡಾ, ಬಯ್ಯಬೇಡಿ. ಹುಡುಗಂದು ಪರೀಕ್ಷೆ ಮುಗಿಯೋವರೆಗೂ ಇದ್ರೆ ಸಾಕು ಅನ್ಕೊಂಡೆ."

ಹಮೀದಾ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಶ್ವತ್ಥಮ್ಮನಿಗೂ ಡಬ್ಬವೇ ಬೇಕಿತ್ತೇ ಹೊರತು ತಾನು ಹೋಗುತ್ತೇನೆ ಅನ್ನೋ ಚಿಂತೆ ಇರಲಿಲ್ಲ. ಅಷ್ಟು ವರ್ಷ ಒಂದೇ ಗೋಡೆಯ ಆಚೀಚೆ ಬದುಕಿದವಳು! ಮೋಡೆಮ್ಮು, ಅಡಾಪ್ಟರ್ ಎರಡನ್ನೂ ಚೀಲಕ್ಕೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಚಿಕ್ಕಬಳ್ಳಾಪುರದಲ್ಲಿ ಭಾನುಪ್ರಿಯಾ ಮೋಡೆಮ್ಮನ್ನು ತಿರುಗಿಸಿ ನಂಬರು ನೋಡುವಾಗ ಅದರ ತೂತಿನಿಂದ ಐದಾರು ಅಕ್ಕಿಕಾಳು ಉದುರಿ ಕೌಂಟರಿನ ಮೇಲೆ ಬಿದ್ದವು. "ಇದೇನಾಂಟಿ, ಅಕ್ಷತೆನಾ?"

"ಹೂಂ ಕಣಮ್ಮ, ಮಗಳನ್ನ ಕಳಿಸ್ತಾ ಇದೀವಲ್ಲ," ಅಂದಳು ಹಮೀದಾ. ಬೇಜಾರಿನಲ್ಲೂ ಅವಳ ನಾಲಿಗೆ ಸುಮ್ಮನಿರಲಿಲ್ಲ. ಭಾನುಪ್ರಿಯಾ ನಕ್ಕು ನಕ್ಕು, ಮೋಡೆಮ್ಮು ಅಡಾಪ್ಟರ್ ಸ್ವೀಕರಿಸಿದ ರಸೀದಿ, ಬಾಕಿ ಇಲ್ಲವೆಂಬ ಪತ್ರ, ಎರಡೂ ಕೈಗೆ ಕೊಟ್ಟಳು.

ಮನೆ ಬದಲಾಯಿಸಿದ್ದಾಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಆ ಬಿಳಿ ಬಟ್ಟೆ ಹಳೇ ಕಿಟಕಿಯಲ್ಲೇ ಉಳಿಯಿತು. ಹೊಸ ಮನೆಗೆ ಸುಣ್ಣದ ವಾಸನೆ, ದೊಡ್ಡ ಅಂಗಳ, ಬೇಕಾದಷ್ಟು ಗಾಳಿ. ಹಮೀದಾ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿ ಹಿಗ್ಗಿದಳು. ಸಂಜೆ ಮಾತ್ರ ಕಷ್ಟ. ಮಗ್ರಿಬ್ ಮುಗಿಸಿ ಹೊಸ ಮೆಟ್ಟಿಲ ಮೇಲೆ ಕೂತರೆ ಎದುರಿಗೆ ಖಾಲಿ ಸೈಟು. ಒಂದು ವಾರ ಕಳೆಯಿತು, ಎರಡಾಯಿತು, ಗಲ್ಲಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. "ನಾನು ಹೇಳ್ಲಿಲ್ವಾ?" ಅಂತ ಗಂಡನ ಮೇಲೆ ಹರಿಹಾಯ್ದಳು. ಅವಳು ಏನೂ ಹೇಳಿರಲಿಲ್ಲ. ಖಲೀಮುಲ್ಲಾ ತಲೆಯಾಡಿಸಿ ಚಹಾ ಮಾಡಿಕೊಟ್ಟ.

ತಿಂಗಳಾಗುತ್ತ ಬಂದಾಗ ಒಂದು ಮಧ್ಯಾಹ್ನ ಫೋನಿಗೆ ಮೆಸೇಜು ಬಂತು. ಡೆಪಾಸಿಟ್ ಪೂರ್ತಿ ಖಾತೆಗೆ ಜಮಾ. ಹಮೀದಾ ಅದನ್ನು ನೋಡಿ ಖುಷಿಪಡಬೇಕಾಗಿತ್ತು. "ಲೆಕ್ಕ ಚುಕ್ತಾ ಆಯ್ತು," ಅಂದಳು, ಕಣ್ಣು ತುಂಬಿ ಬಂತು. ಆ ಗಲ್ಲಿಗೂ ತನಗೂ ಇದ್ದದ್ದು ಇಷ್ಟೇ ಅನ್ನಿಸಿತು.

ಅವತ್ತೇ ಸಂಜೆ ಬಿಸಿಲು ಇಳಿಯುವ ಮುಂಚೆ ಗೇಟಿನ ಹತ್ತಿರ ಎರಡು ಆಟೋ ಬಂದು ನಿಂತವು. ಒಂದೊಂದರಿಂದ ಎಷ್ಟು ಜನ ಇಳಿದರೋ! ಮಕ್ಕಳು, ಹೆಂಗಸರು, ಎಲ್ಲರ ಮುಂದೆ ಅಶ್ವತ್ಥಮ್ಮ. ಹಮೀದಾ ಎದ್ದು ನಿಂತು, ಒಳಗಿನ ಕುಣಿತ ಮುಚ್ಚಿಟ್ಟು ಗತ್ತಿನಿಂದಲೇ ಅಂದಳು: "ಇಲ್ಲಿ ನೆಟ್ಟಿಲ್ಲಮ್ಮ. ಮೊದಲೇ ಹೇಳ್ಬಿಡ್ತೀನಿ."

"ನೆಟ್ಟಿಗೇನ್ರೀ ಬರ, ನಮ್ಮನೇಲೇ ಹಾಕಿಸಿದೀನಿ," ಅಂದಳು ಅಶ್ವತ್ಥಮ್ಮ. "ಅದೇ ಕಂಪನಿ ಆಫೀಸಿನ ಹುಡುಗಿ ಹತ್ರ, ನನ್ನ ಹೆಸರಲ್ಲೇ. ಗಲ್ಲಿಗೆಲ್ಲ ಕೊಟ್ಟಿದೀನಿ. ಹಾಕಿಸಿದ್ದೇ ತಪ್ಪಾಯ್ತು ಹಮೀದಕ್ಕ!"

"ಯಾಕೆ, ಸ್ಪೀಡಿಲ್ವಾ?"

"ಸ್ಪೀಡಿಗೇನು, ಓಡ್ತಾನೇ ಇರುತ್ತೆ. ಬೆಳಗಿಂದ ರಾತ್ರಿವರೆಗೂ ಓಡುತ್ತೆ, ಆಫ್ ಮಾಡೋರೇ ಇಲ್ಲ. ನಾನು ಆಫ್ ಮಾಡಿದ್ರೆ ನನ್ನ ಮೇಲೇ ಜಗಳಕ್ಕೆ ಬರ್ತಾರೆ. ಸಂಜೆ ಒಬ್ಬರೂ ಆಚೆ ಬರಲ್ಲ. ನನ್ನ ಮಗ ಊಟಕ್ಕೆ ಕೂಡ ಏಳಲ್ಲ. ಗಲ್ಲಿ ಸತ್ತಂಗಿದೆ." ಅಶ್ವತ್ಥಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಆವತ್ತು ಮುಚ್ಚಿಟ್ಟಿದ್ದಕ್ಕೆ ಮುಖ ತೋರಿಸಕ್ಕೆ ನಾಚಿಕೆಯಾಗಿ ಬರ್ಲಿಲ್ಲ ನಾನು. ಪರೀಕ್ಷೆ ಗಿರೀಕ್ಷೆ ಅಂದಿದ್ದೆಲ್ಲ ಸುಳ್ಳು. ಡಬ್ಬ ಇದ್ರೆ ಕನೆಕ್ಷನ್ ಮುಗಿಯಲ್ಲ, ಕನೆಕ್ಷನ್ ಮುಗೀದೆ ನೀವು ಮನೆ ಬಿಡಲ್ಲ ಅನ್ಕೊಂಡಿದ್ದೆ. ಬುದ್ಧಿ ಅಷ್ಟೇ ನಂದು."

ಹಮೀದಾ ಬೇಗಂಗೆ ಬಾಯಲ್ಲಿ ಮಾತೇ ಬರಲಿಲ್ಲ. ಖಲೀಮುಲ್ಲಾ ಅಚ್ಚರಿಯಿಂದ ಹೆಂಡತಿಯನ್ನೇ ನೋಡಿದ. ಮದುವೆಯಾದ ಮೇಲೆ ಅವಳ ಮಾತು ನಿಂತದ್ದು ಇದೇ ಮೊದಲ ಸಲ.

"ಬನ್ನಿ ಹಮೀದಕ್ಕ," ಅಂದಳು ಅಶ್ವತ್ಥಮ್ಮ. "ವಾರಕ್ಕೆ ಎರಡು ದಿನ ಆದ್ರೂ ಬಂದು ಆಫ್ ಮಾಡ್ಹೋಗಿ. ನೀವು ಮಾಡಿದ್ರೆ ಯಾರೂ ಏನೂ ಅನ್ನಲ್ಲ."

"ಏನೂ ಅನ್ನಲ್ವಾ? ಬಾಯಿಗೆ ಬಂದಂಗೆ ಬಯ್ತಿದ್ರಲ್ಲೇ!"

"ಬಯ್ಯೋಕಾದ್ರೂ ಬನ್ನಿ ನಾನೀ," ಅಂದಿತು ಒಂದು ಮಗು.

ಬುರ್ಖಾ ಹಾಕಿಕೊಳ್ಳಲು ಎಷ್ಟು ಹೊತ್ತು? ಹಳೇ ಗಲ್ಲಿಗೆ ಆಟೋ ಮುಟ್ಟಿದಾಗ ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಅಶ್ವತ್ಥಮ್ಮನ ನಡುಮನೆಯ ಗೂಡಿನಲ್ಲಿ ಹೊಸ ಮೋಡೆಮ್ಮು ಕೂತಿತ್ತು, ಅದರ ಮೇಲೆ ಹಮೀದಾ ಹೆಣೆದ ಅದೇ ಬಿಳಿ ಬಟ್ಟೆ. ಹಮೀದಾ ಬಟ್ಟೆಯ ಅಂಚು ಸರಿಮಾಡಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಒತ್ತಿದಳು.

ಆಟೋದಲ್ಲಿ ಬರದೆ ಮನೆಯಲ್ಲೇ ಉಳಿದಿದ್ದ ಹುಡುಗರು, ಗಂಡಸರು, ಏಳೆಂಟು ಮನೆಗಳಿಂದ ಒಟ್ಟಿಗೆ ಕೂಗಿದರು. ಯಾರಿದು, ಯಾರಿಗೆ ಬಂತು ಈ ಧೈರ್ಯ ಅಂತ ಬಾಗಿಲುಗಳು ದಡದಡ ತೆರೆದವು.

"ನಾನು ಕಣ್ರೋ!" ಅಂದಳು ಹಮೀದಾ ಬೇಗಂ, ಮೆಟ್ಟಿಲ ಮೇಲೆ ಬಂದು ನಿಂತು. "ಒಂದು ಗಂಟೆ. ಎಲ್ಲರೂ ಆಚೆ ಬನ್ನಿ."