ಅಕ್ಕನ ಮಾತು ನುಂಗಿದ ಫಾಲ್ಸು

ಆ ನಿರ್ದೇಶಕನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನೆಮನೆಗೆ ಲ್ಯಾಪ್‌ಟಾಪು, ಜೇಬುಜೇಬಿಗೆ ಮೆಮರಿ ಕಾರ್ಡು ಬರುತ್ತಿದ್ದ ಕಾಲ. ಗೋಕಾಕದಲ್ಲಿ ನನ್ನದೊಂದು ರೆಕಾರ್ಡಿಂಗ್ ಕೋಣೆ ಇತ್ತು. ಅವನು ತನ್ನ ಸಿನಿಮಾದ ಥಿಯೇಟರ್ ಧ್ವನಿಯನ್ನು ದೂರದ ಸ್ಟುಡಿಯೋದಲ್ಲಿ ಮಾಡಿಸಿ ತಂದಿದ್ದ. ಅದನ್ನು ಎರಡು ಸ್ಪೀಕರಿಗೆ ಇಳಿಸಿ ಸಿ.ಡಿ.ಗೆ ಸಿದ್ಧಮಾಡುವುದು ನನ್ನ ಕೆಲಸ.

ಅದರಲ್ಲಿ ಹುಕ್ಕೇರಿಯ ಹಳೆಯ ನಟಿ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರದು ಒಂದೇ ದೃಶ್ಯ. ಕಂಪನಿ ನಾಟಕದಲ್ಲಿ ಮೈಕಿಲ್ಲದೆ ಕಡೇ ಸಾಲಿನವರೆಗೆ ಮಾತು ಮುಟ್ಟಿಸಿದವರು ಅವರು. ಈ ಸಿನಿಮಾದಲ್ಲಿ ಗೋಕಾಕ ಫಾಲ್ಸಿನ ದಂಡೆಯಲ್ಲಿ ನಿಂತು, ತೀರಿಹೋದ ಮಗಳ ಜೊತೆ ಮಾತಾಡಬೇಕು. ಮೆಲ್ಲಗೆ ಮಾತಾಡಿ ಎಂದು ಅವರ ದನಿ ತಗ್ಗಿಸಿದವನೂ ಈ ನಿರ್ದೇಶಕನೇ.

"ನಮ್ಮ ನಾಟಕ ಯಾರೂ ರೆಕಾರ್ಡ್ ಮಾಡಲಿಲ್ಲರಿ. ನನ್ನ ದನಿ ಉಳಿಯೋದು ಇದೊಂದರಾಗ. ಮನ್ಯಾಗ ಕುಂತೋರಿಗೂ ಕೇಳಬೇಕು," ಎಂದು ಅಕ್ಕ ನನಗೆ ಹೇಳಿದ್ದರು.

ಥಿಯೇಟರಿನಲ್ಲಿ ಮಾತು ಪರದೆಯ ನಡುವಿನ ಸ್ಪೀಕರಿನಿಂದ ಬರುತ್ತದೆ, ನೀರಿನ ಸದ್ದು ಸುತ್ತಲಿನ, ಹಿಂದಿನ ಸ್ಪೀಕರುಗಳಿಂದ. ಎರಡು ಸ್ಪೀಕರಿಗೆ ಇಳಿಸುವುದನ್ನು ಯಂತ್ರಕ್ಕೇ ಬಿಟ್ಟರೆ ಅದು ನಡುವಿನದನ್ನೂ ಹಿಂದಿನದನ್ನೂ ಕೂಡಿಸಿ ಎಡಬಲಕ್ಕೆ ಸುರಿಯುತ್ತದೆ. ಸಣ್ಣ ಸ್ಪೀಕರಿನಲ್ಲಿ ಫಾಲ್ಸಿನ ಗುಡುಗು ಸಾಯುತ್ತದೆ, ಭುಸ್ಸೆನ್ನುವ ಸದ್ದಷ್ಟೇ ಉಳಿಯುತ್ತದೆ. ಅದು ಬಂದು ಕೂರುವುದು ಮಾತಿನ ಅಕ್ಷರಗಳ ಮೇಲೇ. ಯಂತ್ರ ಇಳಿಸಿದ್ದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಅಕ್ಕನ ತುಟಿ ಅಲ್ಲಾಡುತ್ತಿತ್ತು, ಅಷ್ಟೇ.

ನಾನು ಹಿಂದಿನ ನೀರಿನ ಸದ್ದನ್ನು ತಗ್ಗಿಸಿದೆ. ಅಕ್ಕ ಬಾಯಿ ತೆರೆದಾಗಲೆಲ್ಲ ಆ ಭುಸ್ಸನ್ನು ಮಾತಿನ ಜಾಗದಿಂದ ಸರಿಸಿದೆ, ನಡುವಿನ ಮಾತನ್ನು ಎತ್ತಿದೆ, ತೀರ ಮೆಲ್ಲಗಿದ್ದ ಸಾಲುಗಳನ್ನು ಉಳಿದವುಗಳ ಸಮಕ್ಕೆ ತಂದೆ. ಫೋನಿನಲ್ಲೂ ಪ್ರತಿ ಮಾತು ಕೇಳಿತು.

ನಿರ್ದೇಶಕ ಬಂದು ನನ್ನ ದೊಡ್ಡ ಸ್ಪೀಕರಿನಲ್ಲಿ ಯಂತ್ರದ್ದನ್ನೂ ನನ್ನದನ್ನೂ ಕೇಳಿ ಮುಖ ಸಿಂಡರಿಸಿದ. "ನನ್ನ ಫಾಲ್ಸ್ ನಳದ ನೀರು ಮಾಡೀರಲ್ರಿ! ಯಂತ್ರದ್ದ ಚಲೋ ಐತಿ."

ಯಂತ್ರದ್ದನ್ನೇ ಲ್ಯಾಪ್‌ಟಾಪಿನಲ್ಲಿ ಹಾಕಿ ಅವನ ಮುಂದಿಟ್ಟೆ.

"ಇದರಾಗೂ ನನಗ ಸ್ಪಷ್ಟ ಕೇಳಾಕತ್ತೈತಿ," ಎಂದ.

ಕೇಳದೇನು? ಆ ಮಾತು ಬರೆದವನೇ ಅವನು, ಬಾಯಿಪಾಠ! ಮಾತು ಗೊತ್ತಿಲ್ಲದವರನ್ನು ಕೂರಿಸಿ ಕೇಳಿಸಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವನು ಯಂತ್ರದ್ದನ್ನೇ ಒಯ್ದ.

ಸಿ.ಡಿ. ಬಂದ ದಿನ ಹುಕ್ಕೇರಿಯಲ್ಲಿ ಅಕ್ಕನ ಮನೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ಓಣಿಯವರೆಲ್ಲ ಲ್ಯಾಪ್‌ಟಾಪಿನ ಸುತ್ತ ಕುಳಿತಿದ್ದರು. ದೃಶ್ಯ ಬಂತು. ನೀರು ಭುಸ್ಸೆಂದಿತು. "ಏನಂದ್ಳು?" ಎಂದು ಒಬ್ಬರು ಕೇಳಿದರು, "ದನಿ ಏರಸ್ರಿ" ಎಂದು ಇನ್ನೊಬ್ಬರು. ಏರಿಸಿದರೆ ನೀರೂ ಏರಿತು.

ಅಕ್ಕ ಎದ್ದು ನಿಂತರು. ಪರದೆಯ ಮೇಲಿನ ತಮ್ಮ ತುಟಿಯನ್ನೇ ನೋಡುತ್ತ, ಆ ಮಾತುಗಳನ್ನೆಲ್ಲ ಹಳೆಯ ನಾಟಕದ ದನಿಯಲ್ಲಿ ಹೇಳಿಬಿಟ್ಟರು. ಬೀದಿಯಲ್ಲಿ ಹೋಗುವವರೂ ನಿಂತು ಕೇಳಿದರು. ಮುಗಿದಾಗ ಹೆಂಗಸರು ಕಣ್ಣೊರೆಸಿಕೊಂಡರು.

ಆ ದನಿ ಯಾವ ಸಿ.ಡಿ.ಯಲ್ಲೂ ಇಲ್ಲ. ಬಾಜೂ ಕುಳಿತ ನಿರ್ದೇಶಕ ನನ್ನ ಕಡೆ ಬಾಗಿ ಹೇಳಿದ:

"ನೋಡ್ರಿ, ಎಲ್ಲಾರಿಗೂ ಕೇಳಿಸ್ತು."